ಕಂದಾಯದ ಎಲ್ಲೆ ಮತ್ತು ನ್ಯಾಯದ ಎಲ್ಲೆ: ಬೆಳಗಾವಿ ಜಿಲ್ಲೆಯ ನಾಲ್ಕು ತಾಲೂಕುಗಳ ಒಂದು ವಿವೇಚನೆ

ರಾಜ್ಯವೊಂದರ ನಕ್ಷೆಯನ್ನು ನೋಡುವಾಗ ವಿಭಾಗ, ಜಿಲ್ಲೆ, ಉಪವಿಭಾಗ, ತಾಲೂಕು ಎಂಬ ಗೆರೆಗಳನ್ನು ನಾವು ಸಾಮಾನ್ಯವಾಗಿ ಆಡಳಿತದ ಗೆರೆಗಳೆಂದು ಗ್ರಹಿಸುತ್ತೇವೆ. ನ್ಯಾಯಾಲಯಗಳ ಅಧಿಕಾರವೂ ಅವೇ ಗೆರೆಗಳನ್ನು ಅನುಸರಿಸುತ್ತಿರಬೇಕೆಂದು ತಿಳಿಯುತ್ತೇವೆ. ಈ ಗ್ರಹಿಕೆ ಜಿಲ್ಲೆಯ ಮಟ್ಟದಲ್ಲಿ ಬಹುಮಟ್ಟಿಗೆ ಸರಿ. ಅದರಿಂದ ಒಂದು ಮೆಟ್ಟಿಲು ಮೇಲೇರಿದರೂ, ಒಂದು ಮೆಟ್ಟಿಲು ಕೆಳಗಿಳಿದರೂ ಅದು ಸರಿಯಾಗುವುದಿಲ್ಲ. ಕಂದಾಯದ ನಕ್ಷೆಯನ್ನು ಬರೆದವರು ಬೇರೆ, ನ್ಯಾಯದ ನಕ್ಷೆಯನ್ನು ಬರೆದವರು ಬೇರೆ. ಬರೆದ ಕಾಲವೂ ಬೇರೆ. ಬೆಳಗಾವಿ ಜಿಲ್ಲೆಯ ದಕ್ಷಿಣ ಮತ್ತು ಪೂರ್ವ ಭಾಗಗಳಲ್ಲಿರುವ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಎಂಬ ನಾಲ್ಕು ತಾಲೂಕುಗಳನ್ನು ಆಧಾರವಾಗಿಟ್ಟುಕೊಂಡು ಈ ಎರಡು ನಕ್ಷೆಗಳು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ, ಹಾಗೆ ಅಗಲಿದಾಗ ಭೂಮಿಯ ಒಡೆಯನಿಗೆ ಏನಾಗುತ್ತದೆ ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಮೊದಲು ಎರಡು ಎಲ್ಲೆಗಳೂ ಒಂದೇ ಆಗಿದ್ದ ಕಾಲವನ್ನು ನೋಡಬೇಕು. 1818ರಲ್ಲಿ ಪೇಶವೆಯರ ಆಳಿಕೆ ಮುಗಿದು ಈ ಸೀಮೆ ಕಂಪನಿ ಸರಕಾರದ ಕೈಸೇರಿತು. ಕಿತ್ತೂರಿನ ದೇಸಗತಿ ಮಾತ್ರ ಮುಂದುವರಿಯಿತು. 1824ರಲ್ಲಿ ದೊರೆ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡಾಗ ದತ್ತಕದ ಪ್ರಶ್ನೆ ಎದ್ದಿತು. ಈ ದತ್ತಕ ಸಿಂಧುವೇ ಅಲ್ಲವೇ ಎಂಬುದು ಮೂಲತಃ ಕುಟುಂಬದ ಹಕ್ಕಿಗೆ ಸೇರಿದ ಪ್ರಶ್ನೆ. ಆದರೆ ಅದನ್ನು ಕೇಳಿ ತೀರ್ಮಾನಿಸುವ ಸ್ವತಂತ್ರ ನ್ಯಾಯಪೀಠ ಕಿತ್ತೂರಿಗೂ ಧಾರವಾಡಕ್ಕೂ ನಡುವೆ ಇರಲಿಲ್ಲ. ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಯೇ ರಾಜಕೀಯ ಏಜೆಂಟನೂ ಆಗಿದ್ದನು. ದತ್ತಕವನ್ನು ಒಪ್ಪದಿದ್ದವನೂ, ಸಂಸ್ಥಾನದ ಭಂಡಾರಕ್ಕೆ ಮುದ್ರೆ ಹಾಕಿಸಿದವನೂ, ಕೊನೆಗೆ ದಂಡಿನೊಡನೆ ಕೋಟೆಯ ಮುಂದೆ ನಿಂತವನೂ ಅವನೇ. 1824ರ ಅಕ್ಟೋಬರ್ 23ರಂದು ಅವನು ಕಿತ್ತೂರಿನಲ್ಲಿ ಹತನಾದುದೂ, ಅದೇ ವರ್ಷದ ಡಿಸೆಂಬರಿನಲ್ಲಿ ಕೋಟೆ ಬಿದ್ದುದೂ, ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡುದೂ ಎಲ್ಲರಿಗೂ ತಿಳಿದ ಸಂಗತಿಗಳು. ನಮ್ಮ ವಿಷಯಕ್ಕೆ ಬೇಕಾದುದು ಇಷ್ಟೇ: ಹಕ್ಕು ಸಾಧಿಸುವ ಪಕ್ಷಗಾರನೂ ತೀರ್ಪು ಕೊಡುವ ಅಧಿಕಾರಿಯೂ ಒಬ್ಬನೇ ಆಗಿದ್ದಾಗ ನಕ್ಷೆಯೂ ಒಂದೇ ಆಗಿತ್ತು. ಎರಡು ನಕ್ಷೆಗಳು ಬೇರೆಯಾದುದನ್ನು ಬರಿಯ ತೊಡಕೆಂದು ಎಣಿಸುವವರು ಈ ಪ್ರಸಂಗವನ್ನು ನೆನೆಯಬೇಕು.

ಈ ಬೇರ್ಪಡೆ ಒಮ್ಮೆಲೇ ಆದುದಲ್ಲ. 1827ರ ಮುಂಬಯಿಯ ಕಾನೂನುಗಳು ದಿವಾಣಿ ನ್ಯಾಯಾಲಯಗಳಿಗೆ ಒಂದು ಕ್ರಮವನ್ನು ಹಾಕಿದವು. 1836ರಲ್ಲಿ ಧಾರವಾಡದ ದೊಡ್ಡ ಜಿಲ್ಲೆಯಿಂದ ಬೆಳಗಾವಿಯನ್ನು ಪ್ರತ್ಯೇಕಿಸಲಾಯಿತು. 1862ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಸ್ಥಾಪಿತವಾಯಿತು. 1869ರ ಮುಂಬಯಿ ದಿವಾಣಿ ನ್ಯಾಯಾಲಯಗಳ ಕಾಯಿದೆ ಪ್ರತಿಯೊಂದು ಜಿಲ್ಲೆಗೂ ಒಬ್ಬ ಜಿಲ್ಲಾ ನ್ಯಾಯಾಧೀಶನನ್ನು ಕೊಟ್ಟು, ಅವನ ಕೆಳಗೆ ಎರಡು ವರ್ಗಗಳ ಅಧೀನ ನ್ಯಾಯಾಧೀಶರನ್ನು ಇರಿಸಿತು. ಎರಡನೆಯ ವರ್ಗದವನು 5,000 ರೂಪಾಯಿಗಳವರೆಗಿನ ದಾವೆಗಳನ್ನು ಮಾತ್ರ ವಿಚಾರಿಸಬಹುದಾಗಿತ್ತು. ಮೊದಲನೆಯ ವರ್ಗದವನಿಗೆ ಆ ಮಿತಿ ಇರಲಿಲ್ಲ. ಅಂದರೆ ನ್ಯಾಯಾಲಯದ ಎಲ್ಲೆ ಕೇವಲ ನೆಲದ ಎಲ್ಲೆಯಾಗಿ ಉಳಿಯಲಿಲ್ಲ. ದಾವೆಯ ಬೆಲೆಯೂ ಒಂದು ಎಲ್ಲೆಯಾಯಿತು. ಒಂದೇ ಊರಿನ ಎರಡು ಹೊಲಗಳ ವ್ಯಾಜ್ಯಗಳು ಬೆಲೆಯ ಅಂತರದಿಂದ ಎರಡು ಬೇರೆ ನ್ಯಾಯಾಲಯಗಳಿಗೆ ಹೋಗಬಹುದಾಗಿತ್ತು. ಕಂದಾಯದ ನಕ್ಷೆಯಲ್ಲಿ ಇಂಥದು ಸಾಧ್ಯವಿಲ್ಲ. ಅಲ್ಲಿ ಒಂದು ಊರಿಗೆ ಒಬ್ಬನೇ ಮಾಮಲೇದಾರ.

ಫೌಜದಾರಿ ಕಡೆಯಲ್ಲಿ ಮಾತ್ರ ಹಳೆಯ ಪದ್ಧತಿ ಬಹುಕಾಲ ಉಳಿಯಿತು. ಕಂದಾಯ ವಸೂಲು ಮಾಡುವ ಮಾಮಲೇದಾರನೇ ಮ್ಯಾಜಿಸ್ಟ್ರೇಟನಾಗಿ ಅಪರಾಧಗಳ ವಿಚಾರಣೆಯನ್ನೂ ನಡೆಸುತ್ತಿದ್ದನು. ಈ ಎರಡು ಕೆಲಸಗಳನ್ನು ಬೇರ್ಪಡಿಸಲು ಮುಂಬಯಿ ರಾಜ್ಯ 1951ರಲ್ಲಿ ಕಾಯಿದೆ ಮಾಡಿತು. 1973ರ ದಂಡ ಪ್ರಕ್ರಿಯಾ ಸಂಹಿತೆ ಆ ಬೇರ್ಪಡೆಯನ್ನು ದೇಶದಲ್ಲೆಲ್ಲ ನೆಲೆಗೊಳಿಸಿತು. ಬೈಲಹೊಂಗಲವು ಅಂದು ಸಂಪಗಾಂವ ತಾಲೂಕಿಗೆ, ಸವದತ್ತಿಯು ಪರಸಗಡ ತಾಲೂಕಿಗೆ ಸೇರಿದ್ದವು. ತಾಲೂಕುಗಳಿಗೆ ಈಗಿನ ಹೆಸರುಗಳು ಬಂದುದು ತರುವಾಯ. ಹಳೆಯ ತೀರ್ಪುಗಳನ್ನು ಓದುವ ವಿದ್ಯಾರ್ಥಿಗಳು ಈ ಹೆಸರುಗಳನ್ನು ನೆನಪಿನಲ್ಲಿಡುವುದು ಲೇಸು.

ಇಷ್ಟು ಹೇಳಿದುದು ಬ್ರಿಟಿಷ್ ಜಿಲ್ಲೆಯ ಮಾತು. ರಾಮದುರ್ಗದ ಕಥೆ ಬೇರೆ. ನರಗುಂದ ಮತ್ತು ರಾಮದುರ್ಗ ಎರಡೂ ಭಾವೆ ಮನೆತನದ ಸಂಸ್ಥಾನಗಳು. 1858ರಲ್ಲಿ ನರಗುಂದದ ಬಾಬಾಸಾಹೇಬನು ಬಂಡೆದ್ದುದರಿಂದ ಆ ಸಂಸ್ಥಾನವನ್ನು ಸರಕಾರ ವಶಪಡಿಸಿಕೊಂಡು ಧಾರವಾಡ ಜಿಲ್ಲೆಗೆ ಸೇರಿಸಿತು. ರಾಮದುರ್ಗ ಉಳಿದುಕೊಂಡು 1948ರ ಮಾರ್ಚ್ 8ರಂದು ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. ಅಂದರೆ ಒಂದೇ ಮನೆತನದ ಎರಡು ಸೀಮೆಗಳು ಮುಂಬಯಿ ಉಚ್ಚ ನ್ಯಾಯಾಲಯದ ಛತ್ರದ ಕೆಳಗೆ ಬರುವುದರಲ್ಲಿ ಸುಮಾರು ತೊಂಬತ್ತು ವರ್ಷಗಳ ಅಂತರ ಬಿದ್ದಿತು. ಈ ಅವಧಿಯಲ್ಲಿ ಸವದತ್ತಿಯ ಕಡೆಯ ಹೊಲದ ಬದುವನ್ನು ದಾಟಿ ರಾಮದುರ್ಗದ ಕಡೆಗೆ ಹೆಜ್ಜೆ ಇಟ್ಟವನು ಕಾನೂನಿನ ದೃಷ್ಟಿಯಲ್ಲಿ ಬೇರೊಂದು ದೇಶಕ್ಕೆ ಕಾಲಿಟ್ಟಂತೆಯೇ ಆಗುತ್ತಿತ್ತು.

ಇದರ ಪರಿಣಾಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. 1938ರಲ್ಲಿ ಒಬ್ಬ ಒಕ್ಕಲಿಗನು ತೀರಿಕೊಂಡನೆಂದೂ, ಅವನ ಹೊಲಗಳಲ್ಲಿ ಕೆಲವು ರಾಮದುರ್ಗ ಸಂಸ್ಥಾನದಲ್ಲಿಯೂ ಕೆಲವು ಪರಸಗಡ ತಾಲೂಕಿನಲ್ಲಿಯೂ ಇದ್ದುವೆಂದೂ, ಇಬ್ಬರು ಮಕ್ಕಳು ಪಾಲಿಗಾಗಿ ಕಾದಾಡಿದರೆಂದೂ ಊಹಿಸೋಣ. ಸ್ಥಿರ ಆಸ್ತಿಯ ದಾವೆಯನ್ನು ಆಸ್ತಿ ಇರುವ ಸೀಮೆಯ ನ್ಯಾಯಾಲಯದಲ್ಲಿಯೇ ಹೂಡಬೇಕೆಂಬುದು ದಿವಾಣಿ ಪ್ರಕ್ರಿಯಾ ಸಂಹಿತೆಯ 16ನೆಯ ಕಲಮಿನ ನಿಯಮ. ಆಸ್ತಿ ಎರಡು ನ್ಯಾಯಾಲಯಗಳ ಸೀಮೆಗಳಲ್ಲಿ ಹರಡಿದ್ದರೆ ಯಾವುದಾದರೊಂದರಲ್ಲಿ ಹೂಡಬಹುದೆಂದು 17ನೆಯ ಕಲಮು ಸಡಿಲಿಕೆ ಕೊಡುತ್ತದೆ. ಆದರೆ ಆ ಎರಡೂ ನ್ಯಾಯಾಲಯಗಳು ಅದೇ ಸಂಹಿತೆಗೆ ಒಳಪಟ್ಟ ಬ್ರಿಟಿಷ್ ಇಂಡಿಯಾದವಾಗಿರಬೇಕಿತ್ತು. ಆದಕಾರಣ ಈ ಸಹೋದರರಿಗೆ ಎರಡು ದಾವೆಗಳು, ಎರಡು ಶುಲ್ಕಗಳು, ಇಬ್ಬರು ವಕೀಲರು ಬೇಕಾಗುತ್ತಿದ್ದರು. ಪರಸಗಡದ ಹೊಲಗಳ ಅಪೀಲು ಬೆಳಗಾವಿಗೆ, ಅಲ್ಲಿಂದ ಮುಂಬಯಿಗೆ ಹೋಗುತ್ತಿತ್ತು. ರಾಮದುರ್ಗದ ಹೊಲಗಳ ವ್ಯಾಜ್ಯ ಮುಂಬಯಿ ಉಚ್ಚ ನ್ಯಾಯಾಲಯದ ಬಾಗಿಲಿಗೆ ಬರುತ್ತಲೇ ಇರಲಿಲ್ಲ. ಒಂದೇ ವಂಶಾವಳಿಯ ಮೇಲೆ ಎರಡು ನ್ಯಾಯಾಲಯಗಳು ಎರಡು ತರದ ತೀರ್ಪು ಕೊಟ್ಟರೆ ಅವೆರಡನ್ನೂ ಸರಿಹೊಂದಿಸುವ ಸಮಾನ ಮೇಲಿನ ನ್ಯಾಯಾಲಯ ಆ ಕ್ರಮದಲ್ಲಿ ಇರಲಿಲ್ಲ.

ಸಾಲದ ದಾವೆಗಳಲ್ಲಿ ತೊಡಕು ಮತ್ತೊಂದು ಬಗೆಯದು. ಸಂಸ್ಥಾನದ ನ್ಯಾಯಾಲಯವು ಬ್ರಿಟಿಷ್ ಇಂಡಿಯಾದ ಪಾಲಿಗೆ ಪರದೇಶದ ನ್ಯಾಯಾಲಯ. ಅದರ ಡಿಕ್ರಿಯನ್ನು ಸರಕಾರ ಪ್ರಕಟಣೆಯ ಮೂಲಕ ಒಪ್ಪಿದ್ದರೆ ಮಾತ್ರ ಸಂಹಿತೆಯ 44ನೆಯ ಕಲಮಿನಂತೆ ಇಲ್ಲಿ ನೇರವಾಗಿ ಅಮಲಿಗೆ ತರಬಹುದಾಗಿತ್ತು. ಆಗಲೂ ಪ್ರತಿವಾದಿ ಆ ಸಂಸ್ಥಾನದಲ್ಲಿ ವಾಸವಾಗಿರದೆ, ಅದರ ನ್ಯಾಯಾಲಯಕ್ಕೆ ತಾನಾಗಿ ಒಳಪಡದೆ ಇದ್ದಲ್ಲಿ, ಅವನ ಗೈರುಹಾಜರಿಯಲ್ಲಿ ಆದ ಹಣದ ಡಿಕ್ರಿಗೆ ಹೊರಗೆ ಬೆಲೆ ಇಲ್ಲವೆಂದು ಫರೀದಕೋಟ ಸಂಸ್ಥಾನದ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ 1894ರಲ್ಲಿಯೇ ತೀರ್ಮಾನಿಸಿತ್ತು. ವಿಲೀನವಾದೊಡನೆ ಇಂಥ ದೋಷ ತಾನಾಗಿ ಕಳೆಯಿತೆಂದು ಹಲವರು ಭಾವಿಸಿದ್ದರು. ಅದು ಹಾಗಲ್ಲವೆಂಬುದು ಗ್ವಾಲಿಯರದ ಡಿಕ್ರಿಯೊಂದನ್ನು ಅಲಹಾಬಾದಿನಲ್ಲಿ ಅಮಲಿಗೆ ತರಲು ಹೊರಟವರ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯ 1962ರಲ್ಲಿ ಕೊಟ್ಟ ತೀರ್ಪಿನಿಂದ ಸ್ಪಷ್ಟವಾಯಿತು. ನಕ್ಷೆಯ ಗೆರೆಯನ್ನು ಅಳಿಸಿದರೂ, ಆ ಗೆರೆ ಇದ್ದಾಗ ಹುಟ್ಟಿದ ಡಿಕ್ರಿ ಹುಟ್ಟಿದ ದಿನದ ಅಧಿಕಾರವನ್ನೇ ಹೊತ್ತು ನಿಲ್ಲುತ್ತದೆ.

ವಿಲೀನದ ತರುವಾಯ ರಾಮದುರ್ಗ ಬೆಳಗಾವಿ ಜಿಲ್ಲೆಯ ಒಂದು ತಾಲೂಕಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ, ಚಂದಗಡ ತಾಲೂಕನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ಉಚ್ಚ ನ್ಯಾಯಾಲಯವೂ ಮುಂಬಯಿಯಿಂದ ಬೆಂಗಳೂರಿಗೆ ಬದಲಾಯಿತು. ಬೆಳಗಾವಿಯಿಂದ ಮುಂಬಯಿಗೂ ಬೆಂಗಳೂರಿಗೂ ದೂರ ಹೆಚ್ಚು ಕಡಿಮೆ ಸಮ, ಸುಮಾರು 500 ಕಿಲೋಮೀಟರು. ಆದುದರಿಂದ ಕಕ್ಷಿಗಾರನ ಪ್ರಯಾಣದ ದಿಕ್ಕು ಬದಲಾಯಿತೇ ಹೊರತು ದೂರ ಬದಲಾಗಲಿಲ್ಲ. ಬದಲಾಗದೆ ಉಳಿದ ಇನ್ನೊಂದು ಸಂಗತಿ ಕಾನೂನು. ಪುನರ್ವಿಂಗಡಣೆಯ ಕಾಯಿದೆಯ 119ನೆಯ ಕಲಮಿನಂತೆ ಹಳೆಯ ಸೀಮೆಯ ಕಾನೂನುಗಳು ಹೊಸ ಶಾಸನ ಬರುವವರೆಗೆ ಅಲ್ಲಿಯೇ ನಡೆದುವು. ಹೀಗಾಗಿ ಬೆಂಗಳೂರಿನ ನ್ಯಾಯಮೂರ್ತಿಗಳು ಬೈಲಹೊಂಗಲದ ಗೇಣಿದಾರನ ಹಕ್ಕನ್ನು 1948ರ ಮುಂಬಯಿ ಗೇಣಿ ಕಾಯಿದೆಯ ಮೇಲೆ ನಿರ್ಣಯಿಸಬೇಕಾಯಿತು. ದಿವಾಣಿ ನ್ಯಾಯಾಲಯಗಳ ರಚನೆಯೂ 1964ರ ಮೈಸೂರು ದಿವಾಣಿ ನ್ಯಾಯಾಲಯಗಳ ಕಾಯಿದೆ ಬರುವವರೆಗೆ 1869ರ ಮುಂಬಯಿಯ ಕಾಯಿದೆಯಂತೆಯೇ ಇದ್ದಿತು. ರಾಜ್ಯದ ಗೆರೆ ಒಂದು ದಿನದಲ್ಲಿ ಸರಿದರೂ ನ್ಯಾಯದ ಒಳಗೆರೆಗಳು ಸರಿಯಲು ಎಂಟು ವರ್ಷಗಳು ಬೇಕಾದವು.

ಅದೇ 1964ರಲ್ಲಿ ಭೂಕಂದಾಯ ಕಾಯಿದೆಯೂ ಜಾರಿಗೆ ಬಂದಿತು. ಅಂದಿನಿಂದ ಎರಡು ನಕ್ಷೆಗಳಿಗೆ ಎರಡು ಪ್ರತ್ಯೇಕ ಶಾಸನಗಳಾದವು. ತಾಲೂಕು, ಉಪವಿಭಾಗ, ಜಿಲ್ಲೆಗಳನ್ನು ರಚಿಸುವುದು ಭೂಕಂದಾಯ ಕಾಯಿದೆಯಂತೆ ಸರಕಾರದ ಕೆಲಸ. ಕೆಳಗಿನ ನ್ಯಾಯಾಲಯಗಳ ಎಲ್ಲೆಯನ್ನು ಗೊತ್ತುಪಡಿಸುವುದಕ್ಕೆ ಸರಕಾರವು ಉಚ್ಚ ನ್ಯಾಯಾಲಯದೊಡನೆ ಸಮಾಲೋಚಿಸಬೇಕು. ಸೆಷನ್ಸ್ ವಿಭಾಗಗಳ ವಿಷಯದಲ್ಲಿಯೂ ನಿಯಮ ಇದೇ. ಆದುದರಿಂದ ಹೊಸ ತಾಲೂಕು ಹುಟ್ಟಿದ ದಿನವೇ ಹೊಸ ನ್ಯಾಯಾಲಯ ಹುಟ್ಟುವುದಿಲ್ಲ. ಅದಕ್ಕೆ ಬೇರೆ ಪ್ರಕಟಣೆ ಬೇಕು. ಈ ಶತಮಾನದ ಎರಡನೆಯ ದಶಕದಲ್ಲಿ ಬೈಲಹೊಂಗಲದಿಂದ ಕಿತ್ತೂರನ್ನು ಬೇರ್ಪಡಿಸಿ ತಾಲೂಕು ಮಾಡಿದಾಗ ಕಿತ್ತೂರಿನ ಕಂದಾಯದ ದಾಖಲೆಗಳಿಗೆ ಹೊಸ ತಹಶೀಲದಾರರು ಬಂದರು. ಆದರೆ ಅದಕ್ಕೆ ಮೊದಲು ಬೈಲಹೊಂಗಲದಲ್ಲಿ ಹೂಡಿದ್ದ ದಾವೆಗಳೂ ಅಲ್ಲಿ ಆಗಿದ್ದ ಡಿಕ್ರಿಗಳೂ ಆ ಕಾರಣದಿಂದ ಕೆಡಲಿಲ್ಲ. ಒಂದು ಪ್ರದೇಶ ಬೇರೆ ನ್ಯಾಯಾಲಯದ ಎಲ್ಲೆಗೆ ಹೋದ ಮಾತ್ರಕ್ಕೆ ಡಿಕ್ರಿ ಕೊಟ್ಟ ನ್ಯಾಯಾಲಯವು ಅದನ್ನು ಅಮಲಿಗೆ ತರುವ ಅಧಿಕಾರವನ್ನು ಕಳೆದುಕೊಳ್ಳುವುದಿಲ್ಲ. ಹೊಸ ನ್ಯಾಯಾಲಯಕ್ಕೂ ಆ ಅಧಿಕಾರ ಇರುತ್ತದೆ ಎಂದು ಸಂಹಿತೆಯ 37ನೆಯ ಕಲಮಿಗೆ 1976ರಲ್ಲಿ ಸೇರಿಸಿದ ವಿವರಣೆ ಹೇಳುತ್ತದೆ. ಎಲ್ಲೆಯ ಬಗೆಗೆ ಪ್ರತಿವಾದಿಗೆ ಆಕ್ಷೇಪಣೆ ಇದ್ದರೆ ಅದನ್ನು ವಾದಾಂಶಗಳನ್ನು ಗೊತ್ತುಪಡಿಸುವ ಮುನ್ನವೇ ಎತ್ತಬೇಕು. ಸೋತ ಬಳಿಕ ಅಪೀಲಿನಲ್ಲಿ ಎತ್ತಿದರೆ, ಅನ್ಯಾಯವಾಗಿದೆಯೆಂದು ತೋರಿಸಿದ ಹೊರತು 21ನೆಯ ಕಲಮು ಅದನ್ನು ಕೇಳಗೊಡುವುದಿಲ್ಲ.

ಈಗ ಮೇಲಿನ ಸಹೋದರರ ಉದಾಹರಣೆಯನ್ನು ಇಂದಿನ ಕಾಲಕ್ಕೆ ತಂದು ನೋಡೋಣ. ಹೊಲಗಳು ಅವೇ, ಕೆಲವು ರಾಮದುರ್ಗ ತಾಲೂಕಿನಲ್ಲಿ, ಕೆಲವು ಸವದತ್ತಿ ತಾಲೂಕಿನಲ್ಲಿ. ತಂದೆ ತೀರಿಕೊಂಡೊಡನೆ ಹಿರಿಯನು ವಾರಸಾ ನೋಂದಣಿ ಮಾಡಿಸಿ ಉತಾರದಲ್ಲಿ ತನ್ನೊಬ್ಬನ ಹೆಸರನ್ನು ಹಚ್ಚಿಸಿಕೊಳ್ಳುತ್ತಾನೆ. ಕಿರಿಯನ ಮುಂದೆ ಎರಡು ದಾರಿಗಳಿವೆ. ಮೊದಲನೆಯದು ಕಂದಾಯದ ದಾರಿ: ತಹಶೀಲದಾರರ ನೋಂದಣಿಯ ಮೇಲೆ ಬೈಲಹೊಂಗಲದ ಉಪವಿಭಾಗಾಧಿಕಾರಿಗೆ ಅಪೀಲು, ಅಲ್ಲಿಂದ ಬೆಳಗಾವಿಯ ಜಿಲ್ಲಾಧಿಕಾರಿಗೆ ಪುನರೀಕ್ಷಣೆಯ ಅರ್ಜಿ, ಕೊನೆಗೆ ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ. ನಾಲ್ಕು ತಾಲೂಕುಗಳೂ ಬೈಲಹೊಂಗಲದ ಒಂದೇ ಉಪವಿಭಾಗಕ್ಕೆ ಸೇರಿರುವುದರಿಂದ ಎರಡೂ ತಾಲೂಕುಗಳ ಅಪೀಲು ಒಂದೇ ಮೇಜಿಗೆ ಬರುತ್ತದೆ. ಎರಡನೆಯದು ದಿವಾಣಿಯ ದಾರಿ: ಪಾಲಿನ ದಾವೆ. ರಾಮದುರ್ಗ ಅಥವಾ ಸವದತ್ತಿ, ಯಾವುದಾದರೊಂದು ಕಡೆಯ ನ್ಯಾಯಾಲಯದಲ್ಲಿ ಎಲ್ಲ ಹೊಲಗಳಿಗೂ ಕೂಡಿ ಒಂದೇ ದಾವೆ ಸಾಕು. ಅಪೀಲು ದಾವೆಯ ಬೆಲೆಗೆ ತಕ್ಕಂತೆ ಮೇಲಿನ ನ್ಯಾಯಾಲಯಕ್ಕೆ ಹೋಗುತ್ತದೆ. ಈ ದಾರಿಯಲ್ಲಿ ಉಪವಿಭಾಗವೆಂಬ ಮೆಟ್ಟಿಲೇ ಇಲ್ಲ.

ಇಲ್ಲಿಯೇ ಅನೇಕರು ದಾರಿ ತಪ್ಪುವುದು. ಉಪವಿಭಾಗಾಧಿಕಾರಿಯ ಕಚೇರಿಯಲ್ಲಿಯೂ ವಕೀಲರು ವಾದಿಸುತ್ತಾರೆ, ತಾರೀಖುಗಳು ಬೀಳುತ್ತವೆ, ಆದೇಶ ಹೊರಡುತ್ತದೆ. ಅದನ್ನೇ ಹಕ್ಕಿನ ತೀರ್ಪೆಂದು ನಂಬಿ ಕಿರಿಯನು ವರ್ಷಗಟ್ಟಲೆ ಕಂದಾಯದ ದಾರಿಯಲ್ಲಿಯೇ ನಡೆದರೆ, ಗೆದ್ದರೂ ಅವನಿಗೆ ಸಿಗುವುದು ಉತಾರದಲ್ಲಿ ಒಂದು ಹೆಸರು ಮಾತ್ರ. ಉತಾರದ ನಮೂದು ಸ್ವಾಮ್ಯವನ್ನು ಹುಟ್ಟಿಸುವುದಿಲ್ಲ. ನಮೂದಿನಿಂದ ಹಕ್ಕಿಗೆ ಬಾಧೆಯಾದವನು ಹಕ್ಕಿನ ಘೋಷಣೆಗಾಗಿ ದಿವಾಣಿ ದಾವೆ ಹೂಡಬಹುದೆಂದು ಭೂಕಂದಾಯ ಕಾಯಿದೆಯ 135ನೆಯ ಕಲಮಿನಲ್ಲಿಯೇ ಹೇಳಿದೆ; ನಮೂದು ಆ ಡಿಕ್ರಿಗೆ ಅನುಗುಣವಾಗಿ ತಿದ್ದಲ್ಪಡಬೇಕು. ಕೈಯಲ್ಲಿರುವ ಆದೇಶ ಯಾವ ನಕ್ಷೆಗೆ ಸೇರಿದುದೆಂದು ತಿಳಿಯುವ ಗುರುತು ಸುಲಭ: ಅದು ನೋಂದಣಿಯೊಂದನ್ನು ಮಂಜೂರು ಅಥವಾ ರದ್ದು ಮಾಡಿದ್ದರೆ ಕಂದಾಯದ್ದು, ಇಂಥವನಿಗೆ ಇಷ್ಟು ಪಾಲೆಂದು ಸಾರಿದ್ದರೆ ದಿವಾಣಿಯದು.

ಆದರೂ ಎರಡು ದಾರಿಗಳು ಕೊನೆಯಲ್ಲಿ ಕೂಡುತ್ತವೆ. ಕಂದಾಯ ಕೊಡುವ ಭೂಮಿಯ ಪಾಲಿಗೆ ದಿವಾಣಿ ನ್ಯಾಯಾಲಯ ಡಿಕ್ರಿ ಕೊಟ್ಟರೂ ಹೊಲವನ್ನು ಅಳೆದು ಹಂಚುವ ಕೆಲಸವನ್ನು ತಾನು ಮಾಡುವುದಿಲ್ಲ. ಸಂಹಿತೆಯ 54ನೆಯ ಕಲಮಿನಂತೆ ಅದು ಜಿಲ್ಲಾಧಿಕಾರಿಗೆ ಹೋಗುತ್ತದೆ. ಅಲ್ಲಿಂದ ಕೆಳಗಿನ ಅಧಿಕಾರಿಗಳಿಗೂ ಭೂಮಾಪನದವರಿಗೂ ಇಳಿದು, ಹಿಸ್ಸೆಗಳಾಗಿ, ಕಬ್ಜೆ ಕೊಡಲ್ಪಡುತ್ತದೆ. ಡಿಕ್ರಿಯಲ್ಲಿ ಸರ್ವೆ ನಂಬರು, ಊರು, ತಾಲೂಕುಗಳ ಹೆಸರು ಹಳೆಯ ನಕ್ಷೆಯಂತೆ ಇದ್ದು, ನಡುವೆ ತಾಲೂಕು ಒಡೆದಿದ್ದರೆ ಕಾಗದ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುತ್ತದೆ. ಬೈಲಹೊಂಗಲ ತಾಲೂಕೆಂದು ಬರೆದ ಡಿಕ್ರಿಯ ಹೊಲ ಇಂದು ಕಿತ್ತೂರು ತಹಶೀಲದಾರರ ದಫ್ತರಿನಲ್ಲಿರಬಹುದು. ಡಿಕ್ರಿ ಗೆದ್ದು ಹೊಲ ಸಿಗದಿರುವುದಕ್ಕೆ ಎದುರಾಳಿಯ ಹಟವೊಂದೇ ಕಾರಣವಲ್ಲ. ಎರಡು ನಕ್ಷೆಗಳ ನಡುವಣ ಈ ಸಂದೂ ಒಂದು ಕಾರಣ.

ಇನ್ನು ಮೇಲಿನ ಮೆಟ್ಟಿಲು. ಪುನರ್ವಿಂಗಡಣೆಯ ಕಾಯಿದೆಯ 51ನೆಯ ಕಲಮು ಉಚ್ಚ ನ್ಯಾಯಾಲಯದ ಸ್ಥಾನದ ಬಗೆಗೆ ಎರಡು ಉಪಾಯಗಳನ್ನು ಇರಿಸಿದೆ. ರಾಜ್ಯಪಾಲರ ಒಪ್ಪಿಗೆಯಿಂದ ಮುಖ್ಯ ನ್ಯಾಯಮೂರ್ತಿಗಳು ಬೇರೆ ಊರಿನಲ್ಲಿ ಕಲಾಪ ನಡೆಸಲು ಗೊತ್ತುಮಾಡುವುದು ಒಂದು. ರಾಷ್ಟ್ರಪತಿಗಳು ಆದೇಶದ ಮೂಲಕ ಖಾಯಂ ಪೀಠವನ್ನು ಸ್ಥಾಪಿಸುವುದು ಇನ್ನೊಂದು. ಉತ್ತರ ಭಾಗದ ವಕೀಲರ ದೀರ್ಘಕಾಲದ ಬೇಡಿಕೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದಾಗ, ಪೀಠವನ್ನು ಸ್ಥಾಪಿಸಿರೆಂದು ರಿಟ್ ಮೂಲಕ ಆಜ್ಞಾಪಿಸಲು ಬರುವುದಿಲ್ಲವೆಂದು ಅದು 2000ದಲ್ಲಿ ಹೇಳಿತು. ತರುವಾಯ 2008ರ ಜುಲೈಯಲ್ಲಿ ಮೊದಲನೆಯ ಉಪಾಯದಿಂದ ಧಾರವಾಡ ಮತ್ತು ಗುಲಬರ್ಗಾಗಳಲ್ಲಿ ಸಂಚಾರಿ ಪೀಠಗಳು ಆರಂಭವಾದವು. 2013ರ ಆಗಸ್ಟಿನಲ್ಲಿ ಎರಡನೆಯ ಉಪಾಯದಿಂದ ಅವು ಖಾಯಂ ಪೀಠಗಳಾದವು.

ಈ ಪೀಠಗಳ ಎಲ್ಲೆಯನ್ನು ಜಿಲ್ಲೆಗಳನ್ನು ಹೆಸರಿಸಿ ಹೇಳಿದೆಯೇ ಹೊರತು ಕಂದಾಯ ವಿಭಾಗಗಳನ್ನು ಹೆಸರಿಸಿ ಅಲ್ಲ. ಆದಕಾರಣ ಬೆಳಗಾವಿ ಕಂದಾಯ ವಿಭಾಗಕ್ಕೆ ಸೇರಿದ ವಿಜಯಪುರ ಜಿಲ್ಲೆಯ ವ್ಯಾಜ್ಯಗಳು ಕಲಬುರಗಿ ಪೀಠಕ್ಕೆ ಹೋಗುತ್ತವೆ. ಕಲಬುರಗಿ ಕಂದಾಯ ವಿಭಾಗಕ್ಕೆ ಸೇರಿದ ಬಳ್ಳಾರಿ, ಕೊಪ್ಪಳ ಜಿಲ್ಲೆಗಳವು ಧಾರವಾಡಕ್ಕೆ ಬರುತ್ತವೆ. ಹಳೆಯ ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಮದ್ರಾಸ್ ಕರ್ನಾಟಕ ಎಂಬ ಚರಿತ್ರೆಯ ಗೆರೆಗಳೂ ಇಲ್ಲಿ ಉಳಿದಿಲ್ಲ. ಪೀಠ ಬೇರೆಯಾದರೂ ಉಚ್ಚ ನ್ಯಾಯಾಲಯ ಒಂದೇ ಎಂಬುದನ್ನು ಮರೆಯಬಾರದು. ಧಾರವಾಡದಲ್ಲಿ ಆದ ತೀರ್ಪು ಕೋಲಾರದ ನ್ಯಾಯಾಧೀಶರನ್ನೂ ಕಟ್ಟುತ್ತದೆ. ಪೀಠವು ಹಂಚುವುದು ಕೆಲಸವನ್ನೇ ಹೊರತು ಕಾನೂನನ್ನಲ್ಲ.

ನಮ್ಮ ನಾಲ್ಕು ತಾಲೂಕುಗಳಲ್ಲಿ ಇದರಿಂದ ಒಂದು ವಿಚಿತ್ರ ಸ್ಥಿತಿ ಉಂಟಾಗಿದೆ. ಕಿತ್ತೂರಿನಿಂದ ಜಿಲ್ಲಾ ನ್ಯಾಯಾಲಯದ ಕೇಂದ್ರವಾದ ಬೆಳಗಾವಿ ಸುಮಾರು 50 ಕಿಲೋಮೀಟರು ಉತ್ತರಕ್ಕಿದೆ. ಧಾರವಾಡ ಸುಮಾರು 30 ಕಿಲೋಮೀಟರು ದಕ್ಷಿಣಕ್ಕಿದೆ. ಸವದತ್ತಿಯಿಂದ ಧಾರವಾಡ ಸುಮಾರು 40 ಕಿಲೋಮೀಟರು, ಬೆಳಗಾವಿ ಅದರ ಎರಡರಷ್ಟು ದೂರ. ಅಂದರೆ ಈ ಎರಡು ತಾಲೂಕುಗಳ ಕಕ್ಷಿಗಾರನಿಗೆ ರಾಜ್ಯದ ಉಚ್ಚ ನ್ಯಾಯಾಲಯವು ತನ್ನ ಜಿಲ್ಲೆಯ ನ್ಯಾಯಾಲಯಕ್ಕಿಂತ ಹತ್ತಿರವಾಗಿದೆ. 1824ಕ್ಕೆ ಮುನ್ನ ಈ ಸೀಮೆ ನೋಡುತ್ತಿದ್ದುದು ಧಾರವಾಡದ ಕಡೆಗೆ. 1836ರ ಗೆರೆ ಅದನ್ನು ಬೆಳಗಾವಿಯ ಕಡೆಗೆ ತಿರುಗಿಸಿತು. 2008ರ ಪೀಠ ನ್ಯಾಯದ ಮಟ್ಟಿಗೆ ಮತ್ತೆ ಧಾರವಾಡದ ಕಡೆಗೆ ತಿರುಗಿಸಿದೆ. ರಾಮದುರ್ಗಕ್ಕೆ ಮಾತ್ರ ಈ ಸೌಕರ್ಯ ಪೂರ್ಣವಾಗಿ ದೊರೆತಿಲ್ಲ. ಅದಕ್ಕೆ ಎರಡೂ ಊರುಗಳು ದೂರವೇ. ಒಂದು ದಿನದ ತಾರೀಖಿಗಾಗಿ ಅಲ್ಲಿಯ ರೈತನು ಒಂದು ದಿನದ ಕೆಲಸವನ್ನೂ ಬಸ್ಸಿನ ಖರ್ಚನ್ನೂ ಕಳೆದುಕೊಳ್ಳುವುದು ಇಂದಿಗೂ ತಪ್ಪಿಲ್ಲ.

ಇಷ್ಟರಿಂದ ಹೊರಡುವ ನಿರ್ಣಯ ಇದು. ಎರಡು ನಕ್ಷೆಗಳು ಒಂದೇ ಆಗಿರಬೇಕೆಂದು ಬಯಸುವುದು ತರವಲ್ಲ. ಅವು ಒಂದೇ ಆಗಿದ್ದಾಗ ಕಿತ್ತೂರಿನಲ್ಲಿ ನಡೆದುದನ್ನು ನೋಡಿದ್ದೇವೆ. ನ್ಯಾಯಾಲಯದ ಎಲ್ಲೆಯನ್ನು ಕಂದಾಯದ ಅಧಿಕಾರಿ ತಾನೊಬ್ಬನೇ ಸರಿಸಲಾರನೆಂಬುದರಲ್ಲಿಯೇ ಅವನ ಎದುರು ನಿಲ್ಲುವ ಪ್ರಜೆಯ ರಕ್ಷಣೆ ಇದೆ. ಕುಂದಿರುವುದು ಎರಡೂ ನಕ್ಷೆಗಳು ಕೂಡುವ ತಾಣಗಳಲ್ಲಿ. ತಾಲೂಕು ಒಡೆದಾಗ ನ್ಯಾಯಾಲಯದ ಪ್ರಕಟಣೆ ತಡವಾಗುವುದು, ಡಿಕ್ರಿಯ ಹಳೆಯ ಹೆಸರು ಹೊಸ ದಫ್ತರಿನಲ್ಲಿ ಸಿಗದಿರುವುದು, ಪಾಲಿನ ಕಾಗದ ಜಿಲ್ಲಾ ಕಚೇರಿಯಲ್ಲಿ ನಿಲ್ಲುವುದು, ಇವು ಆ ತಾಣಗಳು. ಈ ಪ್ರಾಂತದ ಚರಿತ್ರೆಯನ್ನು ನ್ಯಾಯಾಲಯದ ಕಾಗದಗಳಿಂದ ಬರೆಯಹೊರಟ ವಿದ್ಯಾರ್ಥಿಯು ಪ್ರತಿಯೊಂದು ತೀರ್ಪಿನ ಮೇಲೂ ಮೊದಲು ತಾರೀಖನ್ನು ನೋಡಿ, ಆ ದಿನ ಆ ಊರು ಯಾವ ತಾಲೂಕಿನಲ್ಲಿ, ಯಾರ ಆಳಿಕೆಯಲ್ಲಿ, ಯಾವ ನ್ಯಾಯಾಲಯದ ಎಲ್ಲೆಯಲ್ಲಿ ಇತ್ತೆಂದು ಗೊತ್ತುಮಾಡಿಕೊಂಡು ಮುಂದುವರಿಯಬೇಕು.